ಪಿವಟ್ ಟೇಬಲ್‌ನ ವಿನ್ಯಾಸ ಬದಲಿಸಿದ ಮೇಲೆ GETPIVOTDATA ಸೂತ್ರಗಳಲ್ಲಿ #REF! ಬರುವುದೇಕೆ?

ಪ್ರಶ್ನೆ: "ನಮ್ಮ ತಿಂಗಳ ವರದಿಯ ಶೀಟ್‌ನಲ್ಲಿ ಸರಕುವಾರು ಮಾರಾಟದ ಮೊತ್ತಗಳೆಲ್ಲ GETPIVOTDATA ಮೂಲಕ ಬರುತ್ತವೆ. ನಿನ್ನೆ ಪಿವಟ್‌ನಲ್ಲಿ ಶಾಖೆಯ ಹೆಸರನ್ನೂ ಸೇರಿಸಿದೆ. ಕೂಡಲೇ ಎಲ್ಲ ಸೂತ್ರಗಳೂ #REF! ತೋರಿಸತೊಡಗಿದವು. ಮೂಲ ಡೇಟಾದಲ್ಲಿ ಏನನ್ನೂ ಅಳಿಸಿಲ್ಲ, ಸೂತ್ರವನ್ನೂ ಮುಟ್ಟಿಲ್ಲ. ಕಾರಣವೇನು, ಸರಿಪಡಿಸುವುದು ಹೇಗೆ?"

ಉತ್ತರ:

ಎಕ್ಸೆಲ್‌ನ GETPIVOTDATA ನಿಮ್ಮ ಮೂಲ ಡೇಟಾವನ್ನು ಕೂಡಿಸಿ ಲೆಕ್ಕ ಹಾಕುವುದಿಲ್ಲ. ಪಿವಟ್ ಟೇಬಲ್‌ನಲ್ಲಿ ಆ ಕ್ಷಣಕ್ಕೆ ಕಾಣುತ್ತಿರುವ ಸಂಖ್ಯೆಯನ್ನು ಹುಡುಕಿ ತರುವುದಷ್ಟೇ ಅದರ ಕೆಲಸ. ನೀವು ಕೇಳಿದ ಸಂಖ್ಯೆ ಪಿವಟ್‌ನ ಯಾವ ಸೆಲ್‌ನಲ್ಲೂ ಇಲ್ಲದಿದ್ದರೆ, ಅದನ್ನು ಕೂಡಿಸಿ ಪಡೆಯಲು ಬೇಕಾದ ಬಿಡಿ ಅಂಕಿಗಳು ಕಣ್ಣೆದುರಿಗೇ ಇದ್ದರೂ, ಉತ್ತರವಾಗಿ #REF! ಬರುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ ಎಂದು ನನಗನ್ನಿಸುತ್ತದೆ.

ಒಂದು ಉದಾಹರಣೆಯಿಂದ ಇದನ್ನು ನೋಡೋಣ. ಸಾಗರ, ಶಿರಸಿ, ತೀರ್ಥಹಳ್ಳಿ ಎಂಬ ಮೂರು ಶಾಖೆಗಳಲ್ಲಿ ಅಡಿಕೆ, ಕಾಳುಮೆಣಸು, ಏಲಕ್ಕಿ ಮಾರಾಟವಾಗಿದೆ ಎಂದಿಟ್ಟುಕೊಳ್ಳಿ. ಅಡಿಕೆಯ ಮಾರಾಟ ಸಾಗರದಲ್ಲಿ 4,20,000, ಶಿರಸಿಯಲ್ಲಿ 6,80,000, ತೀರ್ಥಹಳ್ಳಿಯಲ್ಲಿ 3,00,000 ರೂಪಾಯಿ, ಒಟ್ಟು 14,00,000. ಮೊದಲು ಪಿವಟ್‌ನ ಸಾಲುಗಳಲ್ಲಿ ಸರಕು ಮಾತ್ರ ಇತ್ತು. ಆಗ ಅಡಿಕೆಯ ಸಾಲಿನಲ್ಲಿ 14,00,000 ಎಂಬ ಸಂಖ್ಯೆ ಕಾಣುತ್ತಿದ್ದುದರಿಂದ ಈ ಸೂತ್ರ ಅದನ್ನು ಸರಿಯಾಗಿ ತರುತ್ತಿತ್ತು:

```
=GETPIVOTDATA("ಮೊತ್ತ",Pivot!$A$3,"ಸರಕು","ಅಡಿಕೆ")
```

ಈಗ ಶಾಖೆಯನ್ನು ಸಾಲುಗಳಲ್ಲಿ ಸರಕಿನ ಮೇಲೆ ತಂದಿರಿಸಿದಿರಿ ಎನ್ನೋಣ. ಪಿವಟ್‌ನಲ್ಲಿ ಸಾಗರದ ಅಡಿಯಲ್ಲೊಂದು ಅಡಿಕೆ, ಶಿರಸಿಯ ಅಡಿಯಲ್ಲೊಂದು, ತೀರ್ಥಹಳ್ಳಿಯ ಅಡಿಯಲ್ಲೊಂದು ಎಂದು ಮೂರು ಅಡಿಕೆಯ ಸಾಲುಗಳಾಗುತ್ತವೆ. ಪ್ರತಿ ಶಾಖೆಯ ಉಪಮೊತ್ತ ಕಾಣುತ್ತದೆ, ಕೊನೆಯಲ್ಲಿ ಎಲ್ಲ ಸರಕುಗಳ ಒಟ್ಟು ಮೊತ್ತವೂ ಕಾಣುತ್ತದೆ, ಆದರೆ ಅಡಿಕೆಯ 14,00,000 ಮಾತ್ರ ಎಲ್ಲಿಯೂ ಇಲ್ಲ. ಸೂತ್ರ ಕೇಳುತ್ತಿರುವುದು ಅದನ್ನೇ ಆದ್ದರಿಂದ #REF! ಬರುತ್ತದೆ.

ಹೀಗಾಗಿ ಶಾಖೆಯನ್ನು ಸೇರಿಸಿದ್ದಕ್ಕಿಂತಲೂ ಎಲ್ಲಿ ಸೇರಿಸಿದಿರಿ ಎಂಬುದೇ ಮುಖ್ಯ. ಅದೇ ಶಾಖೆಯನ್ನು ಸರಕಿನ ಕೆಳಗೆ ಎಳೆದಿರಿಸಿ ನೋಡಿ. ಅಡಿಕೆ ಎಂಬ ಒಂದೇ ಗುಂಪು, ಅದರೊಳಗೆ ಮೂರು ಶಾಖೆಗಳು, ಗುಂಪಿನ ಉಪಮೊತ್ತ 14,00,000 ಎಂದಾಗುತ್ತದೆ, ಹಳೆಯ ಸೂತ್ರ ಒಂದಕ್ಷರವೂ ಬದಲಾಗದೆ ಮತ್ತೆ ಕೆಲಸ ಮಾಡುತ್ತದೆ. ಶಾಖೆಯನ್ನು ಕಾಲಂಗಳಿಗೆ ಒಯ್ದರೂ ಅಡ್ಡಿಯಿಲ್ಲ, ಏಕೆಂದರೆ ಅಡಿಕೆಯ ಸಾಲಿನ ಬಲತುದಿಯಲ್ಲಿ ಮೂರೂ ಶಾಖೆಗಳ ಒಟ್ಟು ಮೊತ್ತ ಸಿಗುತ್ತದೆ. ಆದರೆ ಮೊದಲನೆಯದಕ್ಕೆ ಉಪಮೊತ್ತಗಳು, ಎರಡನೆಯದಕ್ಕೆ ಸಾಲುಗಳ ಒಟ್ಟು ಮೊತ್ತ ತೋರುವಂತಿರಬೇಕು. `Design` ಟ್ಯಾಬ್‌ನ `Subtotals` ಅಡಿಯಲ್ಲಿ ಯಾರಾದರೂ `Do Not Show Subtotals` ಆರಿಸಿದ್ದರೆ, ಅಥವಾ `Grand Totals` ಅನ್ನು `Off for Rows and Columns` ಮಾಡಿದ್ದರೆ, ಅದೇ #REF! ಮರಳಿ ಬರುತ್ತದೆ. ವರದಿ ಅಚ್ಚುಕಟ್ಟಾಗಿ ಕಾಣಲೆಂದು ಉಪಮೊತ್ತಗಳನ್ನು ತೆಗೆಯುವ ರೂಢಿ ಬಹಳ ಕಚೇರಿಗಳಲ್ಲಿದೆ, ಅದರಿಂದಲೇ ಸೂತ್ರಗಳು ಮುರಿದುಬೀಳುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಸಾಗರ, ಅಡಿಕೆ ಎರಡನ್ನೂ ಹೆಸರಿಸಿದ ಸೂತ್ರವಿದ್ದು, ಪಿವಟ್‌ನಲ್ಲಿ ಸಾಗರದ ಪಕ್ಕದ ಮೈನಸ್ ಗುರುತನ್ನು ಒತ್ತಿ ಒಳಗಿನ ಸಾಲುಗಳನ್ನು ಮಡಚಿಟ್ಟರೂ ಪರಿಣಾಮ ಅದೇ.

ಶಾಖೆಯನ್ನು ಫಿಲ್ಟರ್ ಜಾಗಕ್ಕೆ ಒಯ್ದಾಗ ಹೆಚ್ಚು ಎಚ್ಚರ ಬೇಕು. ಫಿಲ್ಟರ್ `(All)` ಎಂದಿರುವಾಗ ಮೇಲಿನ ಸೂತ್ರ 14,00,000 ತರುತ್ತದೆ. ಯಾರೋ ನೋಡಲೆಂದು ಸಾಗರವನ್ನು ಆರಿಸಿ ಹಾಗೆಯೇ ಬಿಟ್ಟುಹೋದರೆ, ಯಾವ ದೋಷವನ್ನೂ ತೋರಿಸದೆ 4,20,000 ತರುತ್ತದೆ, ಅದು ಒಟ್ಟು ಮೊತ್ತವೆಂದೇ ವರದಿಯಲ್ಲಿ ಕುಳಿತುಬಿಡುತ್ತದೆ. #REF! ಕಣ್ಣಿಗೆ ಹೊಡೆಯುವುದರಿಂದ ನಾವು ಹುಡುಕಿ ಸರಿಪಡಿಸುತ್ತೇವೆ, ಇದನ್ನು ಹಿಡಿಯುವುದು ಬಹಳ ಕಷ್ಟ.

ನಿಮ್ಮ ಕಡತದಲ್ಲಿ ಆಗಿರುವುದು ಇದೇ ತೊಂದರೆಯೇ ಎಂದು ಖಚಿತಪಡಿಸಿಕೊಳ್ಳಲು ದೋಷವಿರುವ ಸೆಲ್ ಆರಿಸಿ ಸೂತ್ರದ ಪಟ್ಟಿಯನ್ನು ಓದಿ. ಸೂತ್ರದ ಒಳಗೆ `Pivot!$A$3` ಇರಬೇಕಾದ ಜಾಗದಲ್ಲೇ `#REF!` ಎಂದು ಬರೆದಿದ್ದರೆ ಪಿವಟ್ ಇದ್ದ ಶೀಟ್ ಅಥವಾ ಆ ಸಾಲು ಅಳಿಸಿಹೋಗಿದೆ ಎಂದರ್ಥ, ಆಗ ವಿನ್ಯಾಸ ಸರಿಪಡಿಸಿ ಪ್ರಯೋಜನವಿಲ್ಲ. ಸೂತ್ರ ಹಾಗೆಯೇ ಇದ್ದು ಉತ್ತರ ಮಾತ್ರ #REF! ಆಗಿದ್ದರೆ, ಪಿವಟ್ ಶೀಟ್‌ಗೆ ಹೋಗಿ ನಿಮಗೆ ಬೇಕಾದ ಸಂಖ್ಯೆಯನ್ನು ಕಣ್ಣಿನಿಂದಲೇ ಹುಡುಕಿ. ಅದು ಸಿಕ್ಕಿದರೆ, ಖಾಲಿ ಸೆಲ್ ಒಂದರಲ್ಲಿ `=` ಒತ್ತಿ ಆ ಸಂಖ್ಯೆಯ ಮೇಲೆ ಕ್ಲಿಕ್ ಮಾಡಿ. ಎಕ್ಸೆಲ್ ತಾನೇ ಬರೆದುಕೊಡುವ ಹೊಸ ಸೂತ್ರವನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿದರೆ ಯಾವ ಹೆಸರು ಹೊಂದುತ್ತಿಲ್ಲ ಎಂಬುದು ತಿಳಿಯುತ್ತದೆ. ಹೆಸರುಗಳ ಜೋಡಿಗಳು ಯಾವ ಕ್ರಮದಲ್ಲಿದ್ದರೂ ನಡೆಯುತ್ತದೆ, ಆದ್ದರಿಂದ ಕ್ರಮದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಸಂಖ್ಯೆ ಸಿಗಲೇ ಇಲ್ಲವಾದರೆ ದೋಷದ ಕಾರಣ ಸಿಕ್ಕಂತೆಯೇ.

ಪರಿಹಾರಕ್ಕೆ ಬಂದರೆ, ನಾನು ಇಂದು ಅನುಸರಿಸುವ ವಿಧಾನ ಇದು. ನೋಡಲು, ತಿರುಗಿಸಲು, ಮೇಲಧಿಕಾರಿಗಳು ಕೇಳಿದಂತೆ ಬದಲಿಸಲು ಒಂದು ಪಿವಟ್. ಸೂತ್ರಗಳಿಗೆ ಮಾತ್ರವೇ ಬೇರೆ ಶೀಟ್‌ನಲ್ಲಿ ಇನ್ನೊಂದು ಪಿವಟ್, ಅದನ್ನು ಯಾರೂ ಮುಟ್ಟುವುದಿಲ್ಲ. ಇರುವ ಪಿವಟ್ ಅನ್ನೇ ಪೂರ್ತಿಯಾಗಿ ಕಾಪಿ ಮಾಡಿ ಅಂಟಿಸಿದರೆ ಎರಡೂ ಡೇಟಾದ ಒಂದೇ ಒಳಪ್ರತಿಯನ್ನು, ಅಂದರೆ ಒಂದೇ ಪಿವಟ್ ಕ್ಯಾಶ್ ಅನ್ನು, ಬಳಸುವುದರಿಂದ ಕಡತ ಹೆಚ್ಚು ಬೆಳೆಯುವುದಿಲ್ಲ, ಒಂದನ್ನು ರಿಫ್ರೆಶ್ ಮಾಡಿದರೆ ಇನ್ನೊಂದೂ ಆಗುತ್ತದೆ. ಆದರೆ ಅದೇ ಕಾರಣಕ್ಕೆ ಗುಂಪು ಮಾಡುವಿಕೆಯೂ ಹಂಚಿಕೆಯಾಗುತ್ತದೆ. ಒಂದರಲ್ಲಿ ದಿನಾಂಕಗಳನ್ನು ತಿಂಗಳಿನಿಂದ ತ್ರೈಮಾಸಿಕಕ್ಕೆ ಬದಲಿಸಿದರೆ ಇನ್ನೊಂದರಲ್ಲೂ ಬದಲಾಗಿ, ತಿಂಗಳನ್ನು ಹೆಸರಿಸಿದ ಸೂತ್ರಗಳು ಮುರಿಯುತ್ತವೆ.

ನಿಮಗೆ ಬೇಕಾಗಿರುವುದು ಸರಳ ಮೊತ್ತಗಳಷ್ಟೇ ಆಗಿದ್ದು ಮೂಲ ಡೇಟಾ ಅದೇ ಕಡತದಲ್ಲಿ ಟೇಬಲ್ ರೂಪದಲ್ಲಿದ್ದರೆ, ಪಿವಟ್‌ನ ಹಂಗೇ ಬೇಡ:

```
=SUMIFS(Sales[ಮೊತ್ತ],Sales[ಸರಕು],"ಅಡಿಕೆ")
```

ಇದು ಯಾವ ವಿನ್ಯಾಸಕ್ಕೂ ಅಂಟಿಕೊಂಡಿಲ್ಲ, ರಿಫ್ರೆಶ್ ಕೂಡ ಬೇಕಿಲ್ಲ. ಮೂಲ ಡೇಟಾ ಹೊರಗಿನಿಂದ ಬರುತ್ತಿದ್ದರೆ ಅಥವಾ ಪಿವಟ್‌ನೊಳಗೆ ರಚಿಸಿದ ಲೆಕ್ಕದ ಕಾಲಂ ನಿಮಗೆ ಬೇಕಿದ್ದರೆ ಮಾತ್ರ ಇದು ಸಾಲದು, ಆಗ ಎರಡನೇ ಪಿವಟ್‌ನ ದಾರಿಯೇ ಸರಿ.

`PivotTable Analyze` ಟ್ಯಾಬ್‌ನಲ್ಲಿ `Options` ಪಕ್ಕದ ಬಾಣ ಒತ್ತಿ `Generate GetPivotData` ಆಯ್ಕೆ ತೆಗೆದುಹಾಕಿ ಎಂಬ ಸಲಹೆ ನಿಮಗೆ ಸಿಗಬಹುದು. ಹಾಗೆ ಮಾಡಿದರೆ ಮುಂದೆ ನೀವು ಬರೆಯುವ ಸೂತ್ರಗಳು `=Pivot!B5` ಎಂಬಂತೆ ಬರೀ ಸೆಲ್ ವಿಳಾಸವನ್ನು ಹಿಡಿಯುತ್ತವೆ. ವಿನ್ಯಾಸ ಬದಲಾದಾಗ ಅವು ದೋಷ ತೋರಿಸುವುದಿಲ್ಲ, B5ಕ್ಕೆ ಬಂದು ಕುಳಿತ ಸಂಖ್ಯೆಯನ್ನೇ ಅಡಿಕೆಯದೆಂದು ತೋರಿಸುತ್ತವೆ, ಅದು ಏಲಕ್ಕಿಯದಾಗಿರಲೂಬಹುದು. ಇದನ್ನು ದಯವಿಟ್ಟು ಮಾಡಬೇಡಿ.

ಸೂತ್ರವನ್ನು IFERROR ಒಳಗಿಟ್ಟು ಸೊನ್ನೆ ತೋರಿಸುವ ಬಗ್ಗೆಯೂ ಒಂದು ಮಾತು. ಆ ತಿಂಗಳು ಏಲಕ್ಕಿ ಮಾರಾಟವೇ ಆಗದೆ ಪಿವಟ್‌ನಲ್ಲಿ ಏಲಕ್ಕಿಯ ಸಾಲೇ ಇಲ್ಲದಿದ್ದಾಗಲೂ #REF! ಬರುತ್ತದೆ, ಅಲ್ಲಿ ಸೊನ್ನೆ ನ್ಯಾಯವೇ. ಆದರೆ IFERROR ಈ #REF!ಗೂ ವಿನ್ಯಾಸ ಕೆಟ್ಟು ಬಂದ #REF!ಗೂ ವ್ಯತ್ಯಾಸ ಮಾಡುವುದಿಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಹೀಗೆ ಸೊನ್ನೆ ಹಾಕಿದ್ದ ವರದಿಯೊಂದು, ಯಾರೋ ಉಪಮೊತ್ತ ತೆಗೆದ ಮೇಲೆ, ಇಡೀ ತಿಂಗಳ ಕಾಳುಮೆಣಸಿನ ಮಾರಾಟವನ್ನು ಸೊನ್ನೆ ಎಂದು ತೋರಿಸಿತ್ತು, ಗೋದಾಮಿನ ದಾಸ್ತಾನು ತಾಳೆಯಾಗದೆ ಹೋದಾಗಲಷ್ಟೇ ಅದು ಗೊತ್ತಾಯಿತು. ಅಂದಿನಿಂದ ವರದಿಯ ಕೊನೆಯಲ್ಲಿ ಒಂದು ಸೆಲ್ ಮೀಸಲಿಟ್ಟು, ಸರಕುವಾರು ಮೊತ್ತಗಳ ಕೂಡಿಕೆಯನ್ನು ಮೂಲ ಟೇಬಲ್‌ನ ಮೊತ್ತದ ಕಾಲಂನಿಂದ ಕಳೆಯುತ್ತೇನೆ:

```
=SUM(Sales[ಮೊತ್ತ])-SUM(B4:B6)
```

ಅಲ್ಲಿ ಸೊನ್ನೆಯಲ್ಲದೆ ಬೇರೇನು ಕಂಡರೂ ವರದಿಯನ್ನು ಕಳುಹಿಸುವುದಿಲ್ಲ. ಫಿಲ್ಟರ್‌ನಲ್ಲಿ ಸಾಗರ ಮಾತ್ರ ಉಳಿದುಹೋದ ಮೇಲಿನ ಸಂದರ್ಭವೂ ಇದರಲ್ಲಿ ಸಿಕ್ಕಿಬೀಳುತ್ತದೆ.