ಪೈಥಾನ್‌ನಲ್ಲಿ /, // ಮತ್ತು % ನಡುವೆ ಏನು ವ್ಯತ್ಯಾಸ?

ಪ್ರಶ್ನೆ: ಪೈಥಾನ್‌ನಲ್ಲಿ ಸಣ್ಣ ಕ್ಯಾಲ್ಕುಲೇಟರ್ ಬರೀತಿದ್ದೀನಿ. ಈ ಮೂರೂ ಭಾಗಾಕಾರವೇ ಅಲ್ವಾ? ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: 47 ಚಕ್ಕುಲಿ ಇವೆ, ಒಂದು ಪೊಟ್ಟಣಕ್ಕೆ 4 ಹಾಕಬೇಕು ಅಂದುಕೊಳ್ಳಿ.

```python
47 / 4    # 11.75
47 // 4   # 11
47 % 4    # 3
```

ತುಂಬಿದ ಪೊಟ್ಟಣ 11, ಉಳಿದ ಚಕ್ಕುಲಿ 3. ಶಾಲೆಯಲ್ಲಿ ಕಲಿತ ಭಾಗಲಬ್ಧ ಮತ್ತು ಶೇಷ ಇವೇ. `/` ಮಾತ್ರ ದಶಮಾಂಶದ ಸಮೇತ ಪೂರ್ತಿ ಉತ್ತರ ಕೊಡುತ್ತದೆ. ಸರಿಯಾಗಿ ಭಾಗವಾದರೂ ಅಷ್ಟೇ, `48 / 4` ಕೊಟ್ಟರೆ 12 ಅಲ್ಲ, `12.0` ಬರುತ್ತದೆ. ಕ್ಯಾಲ್ಕುಲೇಟರ್‌ನ ಭಾಗಾಕಾರದ ಬಟನ್‌ಗೆ ಇದನ್ನೇ ಇಡಿ.

ಜಾಸ್ತಿ ಜನ ಎಡವುವುದು ಋಣ ಸಂಖ್ಯೆಯಲ್ಲಿ. `//` ಸುಮ್ನೆ ದಶಮಾಂಶವನ್ನು ಕತ್ತರಿಸಿ ಬಿಸಾಡುವುದಿಲ್ಲ, ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. -11.75ರ ಕೆಳಗೆ ಇರುವುದು -12. ಹಾಗಾಗಿ `-47 // 4` ಅಂದರೆ -12, `-47 % 4` ಅಂದರೆ 1. ತಾಳೆ ನೋಡಿ: -12 × 4 + 1 = -47, ಸರಿಹೋಯಿತು. ದಶಮಾಂಶ ಕತ್ತರಿಸಿದ -11 ಬೇಕಿದ್ದರೆ `int(-47 / 4)` ಬರೆಯಿರಿ.

ಇನ್ನೊಂದು ಮಾತು, ಭಾಜಕ 0 ಆದರೆ ಮೂರೂ `ZeroDivisionError` ಕೊಡುತ್ತವೆ. ಲೆಕ್ಕಕ್ಕೆ ಮೊದಲೇ ಅದನ್ನು `if` ಹಾಕಿ ತಡೆಯಿರಿ.