ಹೆಬ್ಬೆರಳು ಒತ್ತಿದರೆ ದೊಡ್ಡ ಪಾದದ ಮಾತು ಕೇಳಿ

“ಜಯನಗರದಲ್ಲಿ 8ನೇ ಸೈಜಿನ ಶೂ ತಗೊಂಡೆ. ಎಡಗಾಲಿಗೆ ಸರಿಯಾಗಿದೆ, ಬಲಗಾಲಿನ ಹೆಬ್ಬೆರಳು ಒತ್ತುತ್ತೆ. ಹಾಕ್ತಾ ಹಾಕ್ತಾ ಸಡಿಲ ಆಗುತ್ತಾ?”

ಅಗಲ ಸ್ವಲ್ಪ ಸಡಿಲ ಆಗಬಹುದು, ಉದ್ದ ಬೆಳೆಯಲ್ಲ. ಬಿಲ್ ಇದ್ದರೆ ಬದಲಾಯಿಸಿಕೊಳ್ಳಿ.

ಅದಕ್ಕೂ ಮೊದಲು ಎರಡೂ ಪಾದ ಅಳೆಯಿರಿ. ಸಂಜೆ ಹೊತ್ತು ಅಳೆದರೆ ಒಳ್ಳೆಯದು, ದಿನವಿಡೀ ಓಡಾಡಿ ಪಾದ ಕೊಂಚ ಊದಿರುತ್ತೆ. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಹಾಳೆಯ ಮೇಲೆ ಭಾರ ಬಿಟ್ಟು ನಿಂತುಕೊಳ್ಳಿ. ಉದ್ದನೆಯ ಬೆರಳಿನ ತುದಿಗೆ ಬೇರೆಯವರು ಗುರುತು ಹಾಕಲಿ. ನೀವೇ ಬಗ್ಗಿದರೆ ಪಾದ ಜರುಗುತ್ತೆ. ಕೆಲವರಿಗೆ ಉದ್ದದ್ದು ಎರಡನೇ ಬೆರಳು.

ನನ್ನದು ಎಡ 25.5, ಬಲ 26.1 ಸೆಂ.ಮೀ. ಅಂದರೆ 6 ಮಿ.ಮೀ. ವ್ಯತ್ಯಾಸ. ನಮ್ಮಲ್ಲಿ ಸಿಗುವ ಯುಕೆ ಅಳತೆಯಲ್ಲಿ ಒಂದು ಸೈಜಿಗೆ ಸುಮಾರು 8.5 ಮಿ.ಮೀ. ಹಾಗಾಗಿ ಮುಕ್ಕಾಲು ಸೈಜಿನಷ್ಟು ಫರಕು! ಎಡಗಾಲು ನೋಡಿ ಕೊಂಡಿದ್ದ ಶೂನಲ್ಲಿ ಬಲ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಈಗ ಬಲಗಾಲಿಗೆ ತಕ್ಕದ್ದನ್ನೇ ಆರಿಸ್ತೀನಿ, ನಿಂತಾಗ ಬೆರಳ ಮುಂದೆ ಹೆಚ್ಚುಕಮ್ಮಿ 1 ಸೆಂ.ಮೀ. ಜಾಗ ಇರಬೇಕು. ಎಡ ಶೂ ಒಳಗೆ ಒಂದು ತೆಳು ಇನ್‌ಸೋಲ್ ಹಾಕಿ ಲೇಸ್ ಬಿಗಿ ಮಾಡ್ತೀನಿ. ನಡೆಯುವಾಗ ಹಿಮ್ಮಡಿ ಮೇಲೆದ್ದು ಉಜ್ಜದಿದ್ದರೆ ಸಾಕು. ವ್ಯತ್ಯಾಸ ಒಂದು ಸೈಜಿಗಿಂತ ಜಾಸ್ತಿ ಇದ್ದರೆ ಮಾತ್ರ ಇನ್‌ಸೋಲ್ ಸಾಲದೆ ಹೋಗಬಹುದು, ಆಗ ಅಳತೆ ಕೊಟ್ಟು ಹೊಲಿಸೋದೇ ವಾಸಿ.