ಒಂದೇ ಪಿಡಿಎಫ್, ಮೂರು ಅರ್ಜಿ

ಪಿಎಚ್.ಡಿ. ಮುಗಿಸಿ, ಇಲ್ಲಿನ ಕಂಪನಿಗಳಿಗೂ ಹೊರದೇಶಗಳಿಗೂ ಒಟ್ಟಿಗೆ ಅರ್ಜಿ ಹಾಕುತ್ತಿರುವವರು ಸಲಹೆಗೆ ಬಂದಾಗ ಅವರ ತೊಡಕು ಬಹುಪಾಲು ಒಂದೇ ಆಗಿರುತ್ತದೆ. ಇಲ್ಲಿ ಹೇಳುವ ಮಹಿಳೆಯ ಗುರುತು ತಿಳಿಯದಂತೆ ವಿವರಗಳನ್ನು ಬದಲಿಸಿದ್ದೇನೆ. ಜೀವರಸಾಯನ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿದ್ದ ಅವರು, ತಾಯಿಯ ಕಾಯಿಲೆಯ ಕಾರಣದಿಂದ ಒಂದೂವರೆ ವರ್ಷ ಮನೆಯಲ್ಲಿದ್ದು, ಮತ್ತೆ ಕೆಲಸ ಹುಡುಕುತ್ತಿದ್ದರು. ಬೊಮ್ಮಸಂದ್ರದ ಔಷಧ ಕಂಪನಿಯೊಂದಕ್ಕೂ ಇಂಗ್ಲೆಂಡಿನ ಕಂಪನಿಯೊಂದಕ್ಕೂ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ನಂತರದ ಸಂಶೋಧನೆಗಾಗಿ ಇರುವ ಪೋಸ್ಟ್‌ಡಾಕ್ ಹುದ್ದೆಗೂ ಆರು ಪುಟಗಳ ಒಂದೇ ಪಿಡಿಎಫ್ ಹೋಗಿತ್ತು. ಮೊದಲ ಪುಟದಲ್ಲಿ ಫೋಟೋ, ತಂದೆಯ ಹೆಸರು, ಜನ್ಮದಿನಾಂಕ ಮತ್ತು ವೈವಾಹಿಕ ಸ್ಥಿತಿ ಇದ್ದವು. ಪ್ರಕಟವಾದ ಪ್ರಬಂಧಗಳು ಐದನೆಯ ಪುಟದಲ್ಲಿದ್ದವು.

ಇಲ್ಲಿಗೆ ರೆಸ್ಯೂಮೆ, ವಿದೇಶಕ್ಕೆ ಸಿ.ವಿ. ಎಂಬ ನಿಯಮವನ್ನು ಯಾರೋ ಅವರಿಗೆ ಹೇಳಿಕೊಟ್ಟಿದ್ದರು. ಆ ನಿಯಮ ಉಪಯೋಗಕ್ಕೆ ಬರುವುದಿಲ್ಲ. ಇಂಗ್ಲೆಂಡಿನ ಕಂಪನಿ ಸಿ.ವಿ. ಎಂದು ಕೇಳಿದರೆ ಅದು ಬಯಸುವುದು ಸಾಮಾನ್ಯವಾಗಿ ಎರಡು ಪುಟಗಳನ್ನು. ಅಂದರೆ ಅಮೆರಿಕದ ಕಂಪನಿಗಳು ರೆಸ್ಯೂಮೆ ಎಂದು ಕರೆಯುವುದನ್ನೇ. ಅಮೆರಿಕದ ವಿಶ್ವವಿದ್ಯಾಲಯ ಸಿ.ವಿ. ಎಂದು ಕೇಳಿದರೆ ಅದಕ್ಕೆ ಬೇಕಾದದ್ದು ಶೈಕ್ಷಣಿಕ ಜೀವನದ ಪೂರ್ಣ ದಾಖಲೆ, ಅದು ಎಷ್ಟು ಪುಟವಾದರೂ ಸರಿ. ಬೆಂಗಳೂರಿನ ಜಾಹೀರಾತುಗಳಲ್ಲಂತೂ ಎರಡೂ ಪದಗಳು ಒಂದೇ ಅರ್ಥದಲ್ಲಿ ಬರುತ್ತವೆ. ಆದ್ದರಿಂದ ಓದುವವರು ಕಂಪನಿಯ ನೇಮಕಾತಿ ವಿಭಾಗದವರೋ ಪ್ರಾಧ್ಯಾಪಕರೋ ಎಂಬುದನ್ನು ಮೊದಲು ನೋಡಬೇಕೆಂದು ಹೇಳಿದೆ.

ಎರಡನೆಯ ಭೇಟಿಯಲ್ಲಿ ಇಂಗ್ಲೆಂಡಿನ ಜಾಹೀರಾತನ್ನು ಮುಂದಿಟ್ಟುಕೊಂಡು ಆರು ಪುಟಗಳನ್ನು ಎರಡಕ್ಕೆ ಇಳಿಸಲು ಕುಳಿತೆವು. ಫೋಟೋ ಮತ್ತು ಮನೆಯ ವಿವರಗಳನ್ನು ತೆಗೆಯಲು ಅವರು ಒಪ್ಪಿದರು. ಬ್ರಿಟನ್ನಿನಲ್ಲಾಗಲಿ ಅಮೆರಿಕದಲ್ಲಾಗಲಿ ಅವುಗಳನ್ನು ಹಾಕುವ ರೂಢಿಯಿಲ್ಲ. ಬೋಧನಾ ಅನುಭವ ಮತ್ತು ಸಮ್ಮೇಳನಗಳ ಪೋಸ್ಟರುಗಳನ್ನು ಬಿಡುವ ಹಂತಕ್ಕೆ ಬಂದಾಗ ಅವರ ಕೈ ನಿಂತಿತು. "ಮೇಡಂ, ಮಾಡಿದ ಕೆಲಸವನ್ನು ಬಿಟ್ಟರೆ ಮುಚ್ಚಿಟ್ಟ ಹಾಗೆ ಆಗುವುದಿಲ್ಲವೇ?" ಎಂದು ಕೇಳಿದರು.

ಜಾಹೀರಾತನ್ನು ಗಟ್ಟಿಯಾಗಿ ಓದಿ ಎಂದೆ. ಪ್ರೋಟೀನ್ ಶುದ್ಧೀಕರಣ, ಎಚ್‌ಪಿಎಲ್‌ಸಿ ವಿಧಾನಗಳ ಅಭಿವೃದ್ಧಿ, ದಾಖಲೆ ನಿರ್ವಹಣೆ ಎಂದು ಅದರಲ್ಲಿತ್ತು. ರೆಸ್ಯೂಮೆ ಎಂಬುದು ಒಂದು ಹುದ್ದೆಗಾಗಿ ಆಯ್ದ ವಿವರವೆಂಬುದು ಓದುವವರಿಗೂ ಗೊತ್ತಿರುವುದರಿಂದ ಅಲ್ಲಿ ಬಿಡುವುದು ವಂಚನೆಯಲ್ಲ. "ಪ್ರೋಟೀನ್ ಶುದ್ಧೀಕರಣದಲ್ಲಿ ಅನುಭವ" ಎಂಬ ಅವರ ಸಾಲಿನ ಬದಲು, ಯಾವ ಪ್ರೋಟೀನನ್ನು ಯಾವ ವಿಧಾನದಿಂದ ಶುದ್ಧೀಕರಿಸಿದರು, ಆ ವಿಧಾನದಲ್ಲಿ ತಾವೇ ಬದಲಿಸಿದ್ದೇನು, ಅದರಿಂದ ದೊರೆತ ಫಲವೇನು ಎಂಬುದನ್ನು ಮೂರು ಸಾಲುಗಳಲ್ಲಿ ಬರೆಸಿದೆ. ಬಿಟ್ಟ ಪೋಸ್ಟರುಗಳೆಲ್ಲ ಪೋಸ್ಟ್‌ಡಾಕ್ ಅರ್ಜಿಗೆ ಮರಳಿದವು. ಅಲ್ಲಿ ಮಹಾಪ್ರಬಂಧದ ಶೀರ್ಷಿಕೆ, ಮಾರ್ಗದರ್ಶಕರು, ಲೇಖಕರ ಕ್ರಮ ಬದಲಿಸದ ಪ್ರಬಂಧಗಳ ಪಟ್ಟಿ, ಬೋಧನೆ, ಶಿಫಾರಸು ಮಾಡಬಲ್ಲ ಮೂವರ ಹೆಸರು ಎಲ್ಲವೂ ಬೇಕು. ಪರಿಶೀಲನೆಯಲ್ಲಿದ್ದ ಪ್ರಬಂಧವನ್ನು ಪ್ರಕಟವಾದವುಗಳ ಜೊತೆ ಬೆರೆಸದೆ ಬೇರೆ ಶೀರ್ಷಿಕೆಯಡಿ ಹಾಕಿಸಿದೆ. ಸಿಎಸ್‌ಐಆರ್‌ನ ಜೆಆರ್‌ಎಫ್ ಎಂದಷ್ಟೇ ಬರೆದರೆ ಅಲ್ಲಿನ ಪ್ರಾಧ್ಯಾಪಕರಿಗೆ ಅರ್ಥವಾಗುವುದು ಅನುಮಾನ. ಅದು ರಾಷ್ಟ್ರಮಟ್ಟದ ಸ್ಪರ್ಧಾತ್ಮಕ ಪರೀಕ್ಷೆಯಿಂದ ಬಂದ ಫೆಲೋಶಿಪ್ ಎಂದು ಬಿಡಿಸಿ ಬರೆಯಬೇಕು.

ಆಮೇಲೆ ಅವರು, ಬಿಡುವುದು ತಪ್ಪಲ್ಲವಾದರೆ ಬೊಮ್ಮಸಂದ್ರದ ಅರ್ಜಿಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಮುಂದಕ್ಕೆ ಹಾಕಬಹುದಲ್ಲವೇ ಎಂದು ಕೇಳಿದರು. ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. ಖಾಲಿ ಅವಧಿಯ ಬಗ್ಗೆ ಸಂದರ್ಶನವೊಂದರಲ್ಲಿ ಅವರು ಒರಟು ಮಾತು ಕೇಳಿಸಿಕೊಂಡಿದ್ದರು. ಆದರೂ ನಾನು ಖಡಾಖಂಡಿತವಾಗಿ ಬೇಡವೆಂದೆ. ಇಲ್ಲಿನ ಕಂಪನಿಗಳು ಹಿನ್ನೆಲೆ ಪರಿಶೀಲನೆಯಲ್ಲಿ ರಿಲೀವಿಂಗ್ ಲೆಟರ್ ಕೇಳುತ್ತವೆ, ಪಿ.ಎಫ್. ಖಾತೆಯ ಸೇವಾ ವಿವರವನ್ನೂ ನೋಡಬಹುದು. ಅಲ್ಲಿ ತಾಳೆಯಾಗದಿದ್ದರೆ ಕೈಗೆ ಬಂದ ಆಫರ್ ಕೂಡ ಹಿಂದಕ್ಕೆ ಹೋಗಬಹುದು. ನಾನು ಅತಿ ಕಟ್ಟುನಿಟ್ಟು, ಒಂದೆರಡು ತಿಂಗಳನ್ನು ಯಾರೂ ನೋಡುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದುಂಟು. ಆದರೆ ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವರು ಸಲಹೆಗಾರರಲ್ಲ, ಅರ್ಜಿ ಹಾಕಿದವರು. ಮೂರು ಅರ್ಜಿಗಳಲ್ಲಿ ಏನನ್ನು ಸೇರಿಸಿದರೂ ಬಿಟ್ಟರೂ ತಿಂಗಳು, ವರ್ಷ ಮತ್ತು ಹುದ್ದೆಯ ಹೆಸರು ಒಂದೇ ಇರಬೇಕು.

ಆ ಒಂದೂವರೆ ವರ್ಷಕ್ಕೆ "ಕುಟುಂಬದ ಆರೈಕೆಗಾಗಿ ವಿರಾಮ" ಎಂಬ ಒಂದು ಸಾಲನ್ನು ಮೂರರಲ್ಲೂ ಸೇರಿಸಿದೆವು. ಕಾಯಿಲೆಯ ವಿವರ ಎಲ್ಲಿಯೂ ಬರಲಿಲ್ಲ. ಬೊಮ್ಮಸಂದ್ರದ ಪ್ರತಿಯ ಮೇಲ್ಭಾಗದಲ್ಲಿ ತಕ್ಷಣ ಕೆಲಸಕ್ಕೆ ಸೇರಬಲ್ಲೆ ಎಂದು ಬರೆಸಿದೆ, ಏಕೆಂದರೆ ನೋಟಿಸ್ ಅವಧಿ ಎಷ್ಟು ಎಂಬುದು ಇಲ್ಲಿನ ನೇಮಕಾತಿಯವರ ಮೊದಲ ಪ್ರಶ್ನೆಗಳಲ್ಲೊಂದು, ಮತ್ತು ಈ ಮಹಿಳೆಗೆ ಆ ಅವಧಿಯೇ ಇರಲಿಲ್ಲ.